ಏಜೆಂಟ್ ಜೊತೆ ಮಾಡಿಕೊಂಡ ಎಕ್ಸ್‌ಕ್ಲೂಸಿವ್ ಅಗ್ರಿಮೆಂಟ್ ಬಿಡಿಸಿಕೊಳ್ಳುವುದು ಹೇಗೆ? ಕಮಿಷನ್ ಕೊಡಲೇಬೇಕಾ? (ಕುವೆಂಪುನಗರ, ಮೈಸೂರು)

ಮೂಲೆಮನೆ ಮಗಳು · ಜೂನ್ 12, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕುವೆಂಪುನಗರದಲ್ಲಿ ಅಮ್ಮನ ಹೆಸರಲ್ಲಿ ಒಂದು 30-40 ಮನೆ ಇದೆ. ಅಪ್ಪ ಕಟ್ಟಿಸಿದ್ದು, ಮೊಸಾಯಿಕ್ ನೆಲ, ಹಿಂದೆ ಒಂದು ಸೀಬೆ ಮರ. ಅಮ್ಮನಿಗೆ ಈಗ ಮೆಟ್ಟಿಲು ಹತ್ತೋಕೆ ಆಗಲ್ಲ, ಬೆಂಗಳೂರಿಗೆ ನನ್ನ ಜೊತೆ ಬರುತ್ತಾರೆ. ಅದಕ್ಕೆ ಮಾರೋಣ ಅಂತ ಜನವರಿ 20ಕ್ಕೆ ಒಬ್ಬ ಏಜೆಂಟ್ ಜೊತೆ ಅಗ್ರಿಮೆಂಟ್ ಆಯಿತು. ಅಮ್ಮನೇ ಸಹಿ ಹಾಕಿದ್ದು.

ಐದು ತಿಂಗಳಲ್ಲಿ ಆ ಮನುಷ್ಯ ನಾಲ್ಕು ಪಾರ್ಟಿ ಕರೆದುಕೊಂಡು ಬಂದಿದ್ದಾರೆ ಅಷ್ಟೇ. ಫೋನ್ ಮಾಡಿದರೆ "ಆಷಾಢ ಕಳೀಲಿ ಮೇಡಂ" ಅನ್ನುತ್ತಾರೆ. ಆಷಾಢ ಇನ್ನೂ ಬಂದೇ ಇಲ್ಲ! ಈಗ ಎರಡು ಬೀದಿ ಆಚೆ ಇರುವ ಒಬ್ಬ ಮೇಷ್ಟ್ರು ಸೀದಾ ಅಮ್ಮನ ಹತ್ತಿರ ಬಂದು 92 ಲಕ್ಷಕ್ಕೆ ತೆಗೆದುಕೊಳ್ಳುತ್ತೇನೆ ಅಂದಿದ್ದಾರೆ. ನಮ್ಮ ಸ್ವಂತ ಪಾರ್ಟಿ. ಏಜೆಂಟ್‌ಗೆ ಹೇಳಿದರೆ "ಯಾರು ತಗೊಂಡ್ರೂ ನನಗೆ ಎರಡು ಪರ್ಸೆಂಟ್ ಬರಬೇಕು, ಈಗ ಕ್ಯಾನ್ಸಲ್ ಮಾಡಿದ್ರೂ ಬರಬೇಕು, ಜಾಹೀರಾತು ಖರ್ಚು 40 ಸಾವಿರ ಬೇರೆ" ಅನ್ನುತ್ತಿದ್ದಾರೆ.

ಇದು ನ್ಯಾಯಾನಾ? ಅಗ್ರಿಮೆಂಟ್ ಹರಿದು ಹಾಕೋಕೆ ದಾರಿ ಇದೆಯಾ?

ಬೋಗಾದಿ ಬೈರ · ರಾತ್ರಿ 9:52

ಮೈಸೂರಲ್ಲಿ ಎಕ್ಸ್‌ಕ್ಲೂಸಿವ್ ಅಂತೆಲ್ಲ ಯಾಕೆ ಬರೆದುಕೊಟ್ಟಿರಿ ಅಕ್ಕ? ನಾಲ್ಕು ಜನ ಬ್ರೋಕರ್‌ಗೆ ಹೇಳಿ ಬಿಡಬೇಕು, ಯಾರು ತರ್ತಾರೋ ಅವರಿಗೆ ಒಂದು ಪರ್ಸೆಂಟ್. ಮುಗೀತು.

ಮೂಲೆಮನೆ ಮಗಳು · ರಾತ್ರಿ 9:55

ಬರೆದುಕೊಟ್ಟಾಗಿದೆ ಅಣ್ಣ. ಈಗೇನು ಮಾಡೋದು ಹೇಳಿ.

ಫಿಲ್ಟರ್ ಕಾಫಿ · ರಾತ್ರಿ 10:04

ರೇರಾಗೆ ಒಂದು ಕಂಪ್ಲೇಂಟ್ ಹಾಕಿ. ಏಜೆಂಟ್ ರಿಜಿಸ್ಟ್ರೇಷನ್ ಇಲ್ಲದಿದ್ದರೆ ಒಂದು ರೂಪಾಯಿ ಕಮಿಷನ್ನೂ ಕೇಳುವ ಹಾಗಿಲ್ಲ. ಇನ್ನೊಂದು, ಅಗ್ರಿಮೆಂಟ್ ಸ್ಟ್ಯಾಂಪ್ ಪೇಪರ್ ಮೇಲೆ ಇದೆಯಾ ನೋಡಿ. ಬಿಳಿ ಹಾಳೆ ಆದರೆ ಅದು ಅಗ್ರಿಮೆಂಟೇ ಅಲ್ಲ.

ವಿಜಯನಗರ ಎರಡನೇ ಹಂತ · ರಾತ್ರಿ 10:10

ನಮ್ಮ ಬಾಡಿಗೆ ಮನೆ ಏಜೆಂಟೂ ಹೀಗೇ ಮಾಡಿದ. ಒಂದು ತಿಂಗಳ ಬಾಡಿಗೆ ಕಮಿಷನ್ ತಗೊಂಡ, ಬಾಡಿಗೆದಾರ ಮೂರೇ ತಿಂಗಳಿಗೆ ಖಾಲಿ ಮಾಡಿದ. ವಾಪಸ್ ಕೇಳಿದರೆ ಫೋನೇ ಎತ್ತಲ್ಲ. ನಿಮ್ಮ ಬಾಡಿಗೆದಾರರು ಎಷ್ಟು ದಿನ ಇದ್ದರು?

ಮೂಲೆಮನೆ ಮಗಳು · ರಾತ್ರಿ 10:12

ಇದು ಬಾಡಿಗೆ ಅಲ್ಲ ಸರ್, ಮಾರಾಟ.

ನಿವೃತ್ತ ಕರಿಕೋಟು · ರಾತ್ರಿ 10:48

ತಾಯಿ, ಮೊದಲು ಅಗ್ರಿಮೆಂಟಲ್ಲಿ ಇರುವ ಮಾತನ್ನು ಹಾಗೇ ಹಾಕಿ. ಅವಧಿ, ನೋಟಿಸ್, ಕಮಿಷನ್, ರದ್ದು, ಈ ನಾಲ್ಕರ ಬಗ್ಗೆ ಇರುವ ಸಾಲು ಸಾಕು. ಅದು ನೋಡದೆ ಯಾರು ಏನು ಹೇಳಿದರೂ ಅಂದಾಜು.

ಅಷ್ಟರಲ್ಲಿ ಕಾಫಿಯವರಿಗೆ ಎರಡು ಮಾತು. ರೇರಾ ಇರುವುದು ನೋಂದಣಿ ಆಗಬೇಕಾದ ಪ್ರಾಜೆಕ್ಟ್‌ಗಳಿಗೆ, ಅಂದರೆ ಬಿಲ್ಡರ್ ಅಪಾರ್ಟ್‌ಮೆಂಟು, ಲೇಔಟು ಇಂಥವಕ್ಕೆ. ಅಲ್ಲಿ ಮಾರುವ ಏಜೆಂಟ್ ನೋಂದಣಿ ಮಾಡಿಸಿರಬೇಕು. ಒಬ್ಬರ ಹಳೇ ಮನೆ ಇನ್ನೊಬ್ಬರಿಗೆ ಮಾರುವಾಗ ಆ ಬಾಗಿಲು ತಟ್ಟಿ ಪ್ರಯೋಜನ ಕಡಿಮೆ. ಸ್ಟ್ಯಾಂಪ್ ವಿಷಯ ಅರ್ಧ ಸರಿ. ಸ್ಟ್ಯಾಂಪ್ ಇಲ್ಲದ ಕಾಗದವನ್ನು ಕೋರ್ಟ್ ಸಾಕ್ಷ್ಯ ಅಂತ ತಗೊಳ್ಳುವುದಿಲ್ಲ, ನಿಜ. ಆದರೆ ಶುಲ್ಕ, ದಂಡ ಕಟ್ಟಿದ ಮೇಲೆ ತಗೊಳ್ಳುತ್ತದೆ. ಒಪ್ಪಂದ ಆವಿಯಾಗಿ ಹೋಗಲ್ಲ.

ಫಿಲ್ಟರ್ ಕಾಫಿ · ರಾತ್ರಿ 10:55

ಸರಿ ಸರ್, ಒಪ್ಪಿದೆ. ಅಪಾರ್ಟ್‌ಮೆಂಟ್ ತಗೊಂಡಾಗ ಕೇಳಿದ್ದು ಹೇಳಿದೆ.

ಮೂಲೆಮನೆ ಮಗಳು · ರಾತ್ರಿ 11:20

ಅಮ್ಮ ಫೋಟೊ ಕಳಿಸಿದರು. ಇಂಗ್ಲಿಷಲ್ಲಿದೆ, ನಾನು ಕನ್ನಡದಲ್ಲಿ ಹಾಕುತ್ತೇನೆ. ಸ್ಟ್ಯಾಂಪ್ ಪೇಪರ್ ಮೇಲೇ ಇದೆ.

ಕಲಂ 2: ಅವಧಿ ಸಹಿ ಮಾಡಿದ ದಿನದಿಂದ 6 ತಿಂಗಳು, ಅಂದರೆ ಜುಲೈ 19ರವರೆಗೆ. ಅದಕ್ಕೆ 30 ದಿನ ಮೊದಲು ಎರಡರಲ್ಲಿ ಒಂದು ಕಡೆಯವರು ಲಿಖಿತ ನೋಟಿಸ್ ಕೊಡದಿದ್ದರೆ ಇನ್ನೂ 6 ತಿಂಗಳು ತಾನಾಗಿ ಮುಂದುವರಿಯುತ್ತದೆ. ನೋಟಿಸ್ ಅನ್ನು ಕೆಳಗಿನ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಬೇಕು.

ಕಲಂ 5: ಅವಧಿಯೊಳಗೆ ಮನೆ ಯಾರ ಮೂಲಕ ಮಾರಾಟವಾದರೂ, ಮಾಲೀಕರೇ ಮಾರಿದರೂ, ಬೆಲೆಯ ಶೇ. 2 ಕಮಿಷನ್. ಜಿಎಸ್‌ಟಿ ಬೇರೆ.

ಕಲಂ 6: ಅವಧಿ ಮುಗಿದ 90 ದಿನದೊಳಗೆ ಏಜೆಂಟ್ ಪರಿಚಯಿಸಿದ ವ್ಯಕ್ತಿಗೆ ಮಾರಿದರೂ ಅದೇ ಕಮಿಷನ್.

ಕಲಂ 8: ಮಧ್ಯದಲ್ಲಿ ಮಾಲೀಕರು ರದ್ದು ಮಾಡಿದರೆ ಪೂರ್ತಿ ಕಮಿಷನ್ ಮತ್ತು ಜಾಹೀರಾತು ಖರ್ಚು 40,000.

ಒಂದು ವಿಷಯ ಮರೆತೆ. ಮೇ ತಿಂಗಳಲ್ಲಿ ನಾನು ಏಜೆಂಟ್‌ಗೆ ವಾಟ್ಸಾಪಲ್ಲಿ "ಮುಂದುವರಿಸುವುದು ಬೇಡ ಅನ್ನಿಸುತ್ತಿದೆ" ಅಂತ ಹಾಕಿದ್ದೆ. ಅವರು ಹೆಬ್ಬೆರಳು ತೋರಿಸಿದ್ದರು. ಅದು ನೋಟಿಸ್ ಆಗುತ್ತಾ?

ಬೋಗಾದಿ ಬೈರ · ರಾತ್ರಿ 11:24

ತಾನಾಗಿ ಮುಂದುವರಿಯುತ್ತಂತೆ! ಇದೇನು ಒಟಿಟಿ ಚಂದಾನಾ?

ನಿವೃತ್ತ ಕರಿಕೋಟು · ಜೂನ್ 13, ಬೆಳಿಗ್ಗೆ 6:15

ಬೆಳಿಗ್ಗೆ ಎದ್ದು ನೋಡಿದೆ. ತಾಯಿ, ನೀವು ಕೇಳಬೇಕಾದ ಪ್ರಶ್ನೆ "ಹೇಗೆ ರದ್ದು ಮಾಡಲಿ" ಅಲ್ಲ. ಇವತ್ತು ಜೂನ್ 13. ಜುಲೈ 19ಕ್ಕೆ 30 ದಿನ ಮೊದಲು ಅಂದರೆ ಜೂನ್ 19. ಇನ್ನು ಆರು ದಿನ ಇದೆ. ಅಷ್ಟರಲ್ಲಿ ನೋಟಿಸ್ ತಲುಪದಿದ್ದರೆ ಮುಂದಿನ ಜನವರಿವರೆಗೆ ಮತ್ತೆ ಇದೇ ಕತೆ.

ಇಲ್ಲಿ ಎರಡು ಬೇರೆ ಬೇರೆ ಕೆಲಸ ಇವೆ, ಜನ ಒಂದೇ ಅಂದುಕೊಳ್ಳುತ್ತಾರೆ. ಒಂದು, ಮಧ್ಯದಲ್ಲೇ ಏಜೆನ್ಸಿ ರದ್ದು ಮಾಡುವುದು. ಇನ್ನೊಂದು, ಅವಧಿ ಮುಗಿದ ಮೇಲೆ ಮುಂದುವರಿಸಲ್ಲ ಅನ್ನುವುದು. "ರದ್ದು" ಅಂತ ಬರೆದರೆ ಕಲಂ 8 ನಿಮ್ಮ ಮೇಲೆ ಬೀಳುತ್ತದೆ. "ಜುಲೈ 19ರ ನಂತರ ನವೀಕರಣ ಬೇಡ" ಅಂತ ಬರೆದರೆ ಕಲಂ 8ಕ್ಕೆ ಕೆಲಸವೇ ಇಲ್ಲ, ನೀವು ಕಲಂ 2ರ ಪ್ರಕಾರವೇ ನಡೆಯುತ್ತಿದ್ದೀರಿ. ಒಂದು ಪದದ ವ್ಯತ್ಯಾಸ, ಸುಮಾರು ಎರಡು ಲಕ್ಷದ ಜಗಳ.

ವಾಟ್ಸಾಪ್ ಮೇಲೆ ನಂಬಿಕೆ ಇಡಬೇಡಿ. ಮೂರು ಕೊರತೆ ಇದೆ. ಕಳಿಸಿದ್ದು ನೀವು, ಒಪ್ಪಂದ ಅಮ್ಮನದು. "ಅನ್ನಿಸುತ್ತಿದೆ" ಅನ್ನುವುದು ನಿರ್ಧಾರ ಅಲ್ಲ. ಮತ್ತೆ, ಅಂಚೆಯಲ್ಲಿ ಕಳಿಸಬೇಕು ಅಂತ ನೀವೇ ಒಪ್ಪಿದ್ದೀರಿ. ಆ ಹೆಬ್ಬೆರಳಿನ ಸ್ಕ್ರೀನ್‌ಶಾಟ್ ಮಾತ್ರ ಜೋಪಾನ ಮಾಡಿ, ಪಕ್ಕದ ಸಾಕ್ಷಿಯಾಗಿ ಬರಬಹುದು.

ಅಮ್ಮನ ಸಹಿಯಲ್ಲಿ ಇವತ್ತೇ ಕಳಿಸಿ. ಹೆಚ್ಚು ಬರೆಯಬೇಡಿ:

"ದಿನಾಂಕ ಜನವರಿ 20ರ ಒಪ್ಪಂದದ ಕಲಂ 2ರಂತೆ, ಜುಲೈ 19ಕ್ಕೆ ಮುಗಿಯುವ ಅವಧಿಯನ್ನು ಮುಂದುವರಿಸಲು ನನಗೆ ಇಷ್ಟವಿಲ್ಲ. ಇದನ್ನೇ ಲಿಖಿತ ನೋಟಿಸ್ ಎಂದು ಪರಿಗಣಿಸಿ. ಇಲ್ಲಿಯವರೆಗೆ ನೀವು ಮನೆ ತೋರಿಸಿದ ಪಾರ್ಟಿಗಳ ಹೆಸರು ಮತ್ತು ತೋರಿಸಿದ ದಿನಾಂಕವನ್ನು 7 ದಿನದೊಳಗೆ ಬರೆದು ಕೊಡಿ. ಜುಲೈ 19ಕ್ಕೆ ಮನೆಯ ಕೀ, ದಾಖಲೆಗಳ ಪ್ರತಿ ವಾಪಸ್ ಕೊಟ್ಟು, ಬೋರ್ಡ್ ಮತ್ತು ಆನ್‌ಲೈನ್ ಜಾಹೀರಾತು ತೆಗೆಯಿರಿ."

ಬೈಗುಳ ಬೇಡ, ಕಾರಣ ಬೇಡ, ಮೇಷ್ಟ್ರ ಮಾತಂತೂ ಬೇಡವೇ ಬೇಡ.

ಅಂಚೆ ಅಣ್ಣಯ್ಯ · ಬೆಳಿಗ್ಗೆ 7:30

ಒಂದು ತಿದ್ದುಪಡಿ. ರಿಜಿಸ್ಟರ್ಡ್ ಪೋಸ್ಟ್ ಅಂತ ಬೇರೆ ಸೇವೆ ಈಗ ಇಲ್ಲ, 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ. ಕೌಂಟರಲ್ಲಿ ಸುಮ್ನೆ ಸ್ಪೀಡ್ ಪೋಸ್ಟ್ ಅನ್ನಬೇಡಿ, ರಿಜಿಸ್ಟ್ರೇಷನ್ ಸೇರಿಸಿ ಕೊಡಿ ಅನ್ನಿ, ಆಗ ವಿಳಾಸದಾರರ ಕೈಗೇ ಕೊಡುತ್ತಾರೆ. ತಲುಪಿದ್ದಕ್ಕೆ ದಾಖಲೆಯನ್ನೂ ಕೇಳಿ. ರಸೀದಿ ಮೇಲಿನ ಅಕ್ಷರ ಬೇಗ ಮಾಸಿ ಹೋಗುತ್ತೆ, ಅಲ್ಲೇ ನಿಂತು ಫೋಟೊ ತೆಗೆದುಕೊಳ್ಳಿ. ಇವತ್ತು ಶನಿವಾರ, ಮಧ್ಯಾಹ್ನದೊಳಗೆ ಹೋಗಿ.

ಸೈಟ್ ಸೀನ · ಬೆಳಿಗ್ಗೆ 9:05

ನಾನೂ ಇದೇ ವ್ಯಾಪಾರದವನು, ಹದಿನಾಲ್ಕು ವರ್ಷ ಆಯಿತು. ಎಲ್ಲರೂ ಏಜೆಂಟ್‌ನ ಕಳ್ಳ ಅನ್ನೋ ಥರ ಮಾತಾಡ್ತಿದ್ದೀರಿ. ಎಕ್ಸ್‌ಕ್ಲೂಸಿವ್ ತಗೊಂಡವನು ಫೋಟೊ ತೆಗೆಸ್ತಾನೆ, ಪೋರ್ಟಲ್‌ಗೆ ದುಡ್ಡು ಕಟ್ತಾನೆ, ಪೆಟ್ರೋಲ್ ಹಾಕ್ಕೊಂಡು ಪಾರ್ಟಿ ಕರ್ಕೊಂಡು ಬರ್ತಾನೆ. ಕೊನೇಲಿ ಓನರ್ "ನಮ್ಮ ಸ್ವಂತ ಪಾರ್ಟಿ" ಅಂತಾರೆ. ಹತ್ತರಲ್ಲಿ ಆರು ಸಲ ಆ ಸ್ವಂತ ಪಾರ್ಟಿ ನಮ್ಮ ಬೋರ್ಡ್ ನೋಡಿ ಬಂದವರೇ ಆಗಿರ್ತಾರೆ.

ಕಾನೂನಲ್ಲೂ ಇದೆ, 202ನೇ ಸೆಕ್ಷನ್. ಏಜೆಂಟ್‌ಗೆ ಹಿತಾಸಕ್ತಿ ಇದ್ದರೆ ರದ್ದು ಮಾಡೋ ಹಾಗಿಲ್ಲ. ನಮ್ಮ ಕಮಿಷನ್ನೇ ನಮ್ಮ ಹಿತಾಸಕ್ತಿ.

ನಿವೃತ್ತ ಕರಿಕೋಟು · ಬೆಳಿಗ್ಗೆ 9:40

ಸೀನಣ್ಣ, 202 ಅದಕ್ಕಲ್ಲ. 1872ರ ಕರಾರು ಕಾಯ್ದೆಯ ಆ ಸೆಕ್ಷನ್ ಹೇಳುವುದು ಏಜೆಂಟ್‌ಗೆ ಆ ಆಸ್ತಿಯಲ್ಲೇ ಹಿತ ಇದ್ದಾಗ. ಉದಾಹರಣೆಗೆ ಅವನು ಮಾಲೀಕನಿಗೆ ಸಾಲ ಕೊಟ್ಟಿದ್ದಾನೆ, ಮಾರಿ ಬಂದ ದುಡ್ಡಲ್ಲಿ ಸಾಲ ಹಿಡಿದುಕೊಳ್ಳುವ ಅಧಿಕಾರ ಪಡೆದಿದ್ದಾನೆ. ಬರೀ ಕಮಿಷನ್ ಸಿಗುತ್ತೆ ಅನ್ನುವ ಆಸೆ ಆ ಹಿತ ಅಲ್ಲ. ಹಾಗಾಗಿ ಮಾಲೀಕರು ಏಜೆನ್ಸಿಯನ್ನು ಮಧ್ಯದಲ್ಲೂ ನಿಲ್ಲಿಸಬಹುದು. "ನಿಲ್ಲಿಸಲು ಬಿಡಲ್ಲ" ಅನ್ನುವ ಅಧಿಕಾರ ನಿಮಗಿಲ್ಲ.

ಆದರೆ ನಿಲ್ಲಿಸಿದ್ದಕ್ಕೆ ಬೆಲೆ ಇದೆ. ಇಷ್ಟು ದಿನ ಅಂತ ಒಪ್ಪಿಕೊಂಡು ಸಾಕಷ್ಟು ಕಾರಣ ಇಲ್ಲದೆ ಮೊದಲೇ ಬಿಡಿಸಿದರೆ ಏಜೆಂಟ್‌ಗೆ ಪರಿಹಾರ ಕೊಡಬೇಕು, ಅದು 205. ನೋಟಿಸ್ ಇಲ್ಲದೆ ಬಿಡಿಸಿದರೂ ನಷ್ಟ ಕಟ್ಟಿಕೊಡಬೇಕು, ಅದು 206. ಕಲಂ 8ರಲ್ಲಿ "ಪೂರ್ತಿ ಕಮಿಷನ್" ಅಂತ ಬರೆದ ಮಾತ್ರಕ್ಕೆ ಅಷ್ಟೂ ಸಿಗುತ್ತೆ ಅಂತಲ್ಲ. 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಮೇಲಿನ ಮಿತಿ ಮಾತ್ರ, ಕೋರ್ಟ್ ಕೊಡುವುದು ಅದರೊಳಗೆ ನ್ಯಾಯವಾದ ಪರಿಹಾರ. ಆ 40 ಸಾವಿರಕ್ಕೂ ಬಿಲ್ ಕೇಳಬಹುದು. ಸೊನ್ನೆ ಅಂತಲೂ ಅಂದುಕೊಳ್ಳಬೇಡಿ.

ಮಂಡ್ಯದ ಗೌಡ್ರು · ಬೆಳಿಗ್ಗೆ 10:30

ಕರಿಕೋಟು ಸಾಹೇಬ್ರು ಹೇಳಿದ ಆ ಸಾಲದ ಉದಾಹರಣೆ ನನ್ನದೇ ಕತೆ. ಮಂಡ್ಯದಲ್ಲಿ ಒಂದು ಸೈಟಿತ್ತು. ಮಗಳ ಮದುವೆ ಅವಸರಕ್ಕೆ ಏಜೆಂಟ್ ಹತ್ರ ಮೂರು ಲಕ್ಷ ಈಸ್ಕೊಂಡೆ, "ಸೈಟ್ ಮಾರಿ ಮುರ್ಕೊಳಪ್ಪ" ಅಂತ ಜಿಪಿಎ ಬರೆದುಕೊಟ್ಟೆ. ಆಮೇಲೆ ಭಾವಮೈದ ಜಾಸ್ತಿಗೆ ಕೇಳಿದ. ನಾನು ನೋಟಿಸ್ ಕೊಟ್ಟೆ, ಏಜೆಂಟ್ ನಕ್ಕುಬಿಟ್ಟ. ಲಾಯರ್ ಹತ್ರ ಹೋದ್ರೆ "ಗೌಡ್ರೇ, ಇದು ಏಜೆನ್ಸಿ ಅಲ್ಲ, ಅವನ ದುಡ್ಡು ನಿಮ್ಮ ಸೈಟಲ್ಲಿ ಕೂತಿದೆ" ಅಂದ್ರು. ಕೊನೆಗೆ ಮೂರಕ್ಕೆ ಬಡ್ಡಿ ಸೇರಿಸಿ ಕೊಟ್ಟು, ಇಬ್ಬರೂ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಜಿಪಿಎ ರದ್ದು ಪತ್ರ ನೋಂದಾಯಿಸಿದ ಮೇಲೇ ಬಿಡುಗಡೆ.

ಆದ್ದರಿಂದ ತಂಗಿ, ಅಮ್ಮ ಬೇರೆ ಯಾವುದಾದ್ರೂ ಕಾಗದಕ್ಕೆ ಸಹಿ ಹಾಕವ್ರಾ ಕೇಳು. ಅಡ್ವಾನ್ಸ್ ಅಂತ ದುಡ್ಡು ಈಸ್ಕೊಂಡವ್ರಾ ಕೇಳು.

ಮೂಲೆಮನೆ ಮಗಳು · ಬೆಳಿಗ್ಗೆ 11:15

ಕೇಳಿದೆ ಗೌಡ್ರೇ. ಒಂದು ರೂಪಾಯಿ ತಗೊಂಡಿಲ್ಲ, ಬೇರೆ ಸಹಿ ಇಲ್ಲ. ಹಳೇ ಕ್ರಯಪತ್ರ, ಖಾತೆ, ಕಂದಾಯ ರಸೀದಿ ಜೆರಾಕ್ಸ್ ಮಾತ್ರ ಕೊಟ್ಟಿದ್ದಾರೆ. ನೋಟಿಸ್‌ಗೆ ಅಮ್ಮ ಸಹಿ ಹಾಕಿದ್ದಾರೆ, ಪಕ್ಕದ ಮನೆ ಹುಡುಗ ಪೋಸ್ಟ್ ಆಫೀಸಿಗೆ ಹೋಗಿದ್ದಾನೆ.

ನಿವೃತ್ತ ಕರಿಕೋಟು · ಬೆಳಿಗ್ಗೆ 11:30

ಒಳ್ಳೇದು. ಈಗ ಒಂದು ಪ್ರಶ್ನೆ. ನಿಜ ಹೇಳಿ. ಮನೆ ಮಾರಾಟಕ್ಕಿದೆ ಅಂತ ಆ ಮೇಷ್ಟ್ರಿಗೆ ಹೇಗೆ ಗೊತ್ತಾಯಿತು?

ಮೂಲೆಮನೆ ಮಗಳು · ಮಧ್ಯಾಹ್ನ 1:50

ಅಯ್ಯೋ. ಅಮ್ಮನ್ನ ಕೂರಿಸಿ ಕೇಳಿದೆ. ಮಾರ್ಚಲ್ಲಿ ಏಜೆಂಟ್ ಕಡೆ ಹುಡುಗ ಕರೆದುಕೊಂಡು ಬಂದಿದ್ದ ಮೂರನೇ ಪಾರ್ಟಿ ಆ ಮೇಷ್ಟ್ರ ಹೆಂಡತಿಯಂತೆ. ಆಗ 98 ಹೇಳಿದ್ದೆವು, ಜಾಸ್ತಿ ಆಯಿತು ಅಂತ ಹೋದರಂತೆ. ಅಮ್ಮನಿಗೆ ಅವರು ಗಂಡ ಹೆಂಡತಿ ಅಂತ ಗೊತ್ತೇ ಇರಲಿಲ್ಲ. ಮೊನ್ನೆ ಮೇಷ್ಟ್ರು "ನಮ್ಮ ಮನೆಯವಳು ಸೀಬೆ ಮರ ನೋಡಿ ಹೋಗಿದ್ದಾಳೆ" ಅಂದರಂತೆ. ಅಮ್ಮ ಕಾಂಪೌಂಡ್ ಆಚೆಯಿಂದ ನೋಡಿರಬೇಕು ಅಂದುಕೊಂಡಿದ್ದಾರೆ.

ಸೈಟ್ ಸೀನ · ಮಧ್ಯಾಹ್ನ 1:53

ನಾನು ಹೇಳಲಿಲ್ವಾ. ಹತ್ತರಲ್ಲಿ ಆರು.

ಬೋಗಾದಿ ಬೈರ · ಮಧ್ಯಾಹ್ನ 2:10

ಹೆಂಡತಿ ನೋಡಿದ್ದು, ಗಂಡ ತಗೊಳ್ತಿರೋದು. ಬೇರೆ ಬೇರೆ ವ್ಯಕ್ತಿ ತಾನೇ? ಕಲಂ 6ರಲ್ಲಿ "ಪರಿಚಯಿಸಿದ ವ್ಯಕ್ತಿ" ಅಂತಿದೆ, "ವ್ಯಕ್ತಿಯ ಗಂಡ" ಅಂತಿಲ್ಲ. ಕ್ರಯಪತ್ರ ಬರೀ ಗಂಡನ ಹೆಸರಿಗೆ ಮಾಡಿಸಿ, ಆಯ್ತು.

ನಿವೃತ್ತ ಕರಿಕೋಟು · ಮಧ್ಯಾಹ್ನ 3:25

ಬೈರಪ್ಪ, ಈ ಜಾಣತನ ಕೋರ್ಟಲ್ಲಿ ನಿಲ್ಲುವುದು ಕಷ್ಟ. ಅಲ್ಲಿ ಕೇಳುವುದು, ಈ ವ್ಯಾಪಾರ ಕುದುರಲು ಮುಖ್ಯ ಕಾರಣ ಯಾರ ಕೆಲಸ ಅಂತ. ಹೆಂಡತಿ ಮನೆ ನೋಡಿದಳು, ಗಂಡ ಬಂದು ಬೆಲೆ ಮಾತಾಡಿದ. ಒಂದೇ ಅಡುಗೆಮನೆ. 1950ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಮುಂದೆ ಕಲ್ಕತ್ತಾದ ಒಂದು ಆಸ್ತಿಯ ಕೇಸ್ ಬಂದಿತ್ತು. ದಲ್ಲಾಳಿ ಪಾರ್ಟಿ ತಂದ, ಮಾಲೀಕ ಅವನ ಅಧಿಕಾರ ರದ್ದು ಅಂದ, ಆಮೇಲೆ ಆ ಪಾರ್ಟಿಯ ಕಡೆಯವರಿಗೇ ಮಾರಿದ. ದಲ್ಲಾಳಿಗೆ ಕಮಿಷನ್ ಕೊಡಿಸಿದರು.

ನಿಮ್ಮ ಕೇಸ್ ಅಷ್ಟು ಗಟ್ಟಿ ಅಲ್ಲ, ಅದನ್ನೂ ಹೇಳುತ್ತೇನೆ. ಏಜೆಂಟ್ 98ಕ್ಕೆ ತೋರಿಸಿದ, ಅವರು ಹೋದರು, ಮೂರು ತಿಂಗಳು ಅವನು ತಿರುಗಿ ಕೇಳಲಿಲ್ಲ. 92ಕ್ಕೆ ಮಾತು ಕುದುರಿಸಿದ್ದು ಅಮ್ಮ. ಕಲಂ 6 ಇಲ್ಲದಿದ್ದರೆ ವಾದ ಮಾಡಬಹುದಿತ್ತು. ಕಲಂ 6 ಇದೆ.

ದಿನಾಂಕದ ಮೇಲೆ ನೋಡಿ. ಜುಲೈ 19ರೊಳಗೆ ಯಾರಿಗೆ ಮಾರಿದರೂ ಕಲಂ 5 ಹಿಡಿಯುತ್ತದೆ. ಆಮೇಲೆ 90 ದಿನ, ಅಂದರೆ ಅಕ್ಟೋಬರ್ 17ರವರೆಗೆ, ಆ ನಾಲ್ಕು ಪಾರ್ಟಿಗಳಿಗೆ ಮಾತ್ರ ಕಲಂ 6. ಹೊಸಬರು ಯಾರಾದರೂ ಬಂದರೆ ಜುಲೈ 20ರಿಂದಲೇ ನೀವು ಸ್ವತಂತ್ರ. ಅದಕ್ಕೇ ಪಟ್ಟಿ ಬರೆಸಿಕೊಳ್ಳಿ ಅಂದಿದ್ದು. ಪಟ್ಟಿ ಇಲ್ಲದಿದ್ದರೆ ನಾಳೆ ಯಾರು ಕೊಂಡರೂ "ಅವರು ನನ್ನ ಪಾರ್ಟಿ" ಅನ್ನುತ್ತಾರೆ.

ಫಿಲ್ಟರ್ ಕಾಫಿ · ಸಂಜೆ 4:00

ಮೇಷ್ಟ್ರಿಗೆ ದಸರಾ ಬರೋವರೆಗೂ ಕಾಯಿರಿ ಅಂದರೆ ಆಯ್ತಲ್ಲ? ಅಕ್ಟೋಬರ್ 18ಕ್ಕೆ ಕ್ರಯ.

ಸೈಟ್ ಸೀನ · ಸಂಜೆ 4:06

ಬೇಕಂತಲೇ ತಡ ಮಾಡಿದ್ದು ಅಂತ ಫೋನ್ ಮೆಸೇಜಲ್ಲಿ ಸಿಗುತ್ತೆ ಸ್ವಾಮಿ. ಅಗ್ರಿಮೆಂಟ್ ಈಗ ಮಾಡಿ ಕ್ರಯ ಆಮೇಲೆ ಮಾಡಿದರೆ ಇನ್ನೂ ಸುಲಭ ನಮಗೆ. ನಾನಾಗಿದ್ದರೆ ನೋಟಿಸ್ ಕಳಿಸ್ತಿದ್ದೆ.

ಆದ್ರೂ ಒಂದು ಮಾತು ಹೇಳ್ತೀನಿ ಮೇಡಂ, ನಮ್ಮವರಿಗೆ ಬೈದ್ಕೋಬೇಡಿ ಅಂತಲ್ಲ. ಆ ಏಜೆಂಟ್‌ಗೆ ಜಿಎಸ್‌ಟಿ ನಂಬರ್ ಇದೆಯಾ ಕೇಳಿ. ಇಲ್ಲದಿದ್ದರೆ ಜಿಎಸ್‌ಟಿ ಅಂತ ಒಂದು ಪೈಸೆ ವಸೂಲಿ ಮಾಡೋ ಹಾಗಿಲ್ಲ. ವರ್ಷಕ್ಕೆ 20 ಲಕ್ಷ ದಾಟದ ಏಜೆಂಟ್‌ಗಳು ಎಷ್ಟೋ ಜನ ನೋಂದಣಿನೇ ಮಾಡಿಸಿರಲ್ಲ. 92 ಲಕ್ಷಕ್ಕೆ ಎರಡು ಪರ್ಸೆಂಟ್ ಅಂದ್ರೆ 1,84,000. ಅದರ ಮೇಲೆ 18 ಪರ್ಸೆಂಟ್ 33,120. ಒಟ್ಟು 2,17,120. ಜೇಬಿಗೆ ಭಾರ ಅಲ್ವಾ.

ಮೂಲೆಮನೆ ಮಗಳು · ಸಂಜೆ 4:30

ಇದು ಗೊತ್ತಿರಲಿಲ್ಲ ಸರ್. ಥ್ಯಾಂಕ್ಸ್.

ವಿಜಯನಗರ ಎರಡನೇ ಹಂತ · ಸಂಜೆ 4:41

ಕುವೆಂಪುನಗರದಲ್ಲಿ 30-40 ಹಳೇ ಮನೆ 92ಕ್ಕೆ ಕಮ್ಮಿ ಆಯ್ತು ಅನ್ಸುತ್ತೆ. ಯಾವ ಬ್ಲಾಕ್? ಪೂರ್ವ ಮುಖಾನಾ?

ಬೋಗಾದಿ ಬೈರ · ಸಂಜೆ 4:44

ಶುರುವಾಯ್ತು ನೋಡಿ ಐದನೇ ಪಾರ್ಟಿ.

ಮಂಡ್ಯದ ಗೌಡ್ರು · ಸಂಜೆ 6:20

ತಂಗಿ, ಇನ್ನೊಂದು. ಆ ಏಜೆಂಟ್ ಕೈಲಿ ಟೋಕನ್ ಈಸ್ಕೊಳೋ ಅಧಿಕಾರ ಇದೆಯಾ ಅಗ್ರಿಮೆಂಟಲ್ಲಿ? ನಮ್ಮ ಪಕ್ಕದೂರಲ್ಲಿ ಒಬ್ಬ ಏಜೆನ್ಸಿ ಬಿಡಿಸಿದ ಮೇಲೂ ಐವತ್ತು ಸಾವಿರ ಟೋಕನ್ ಈಸ್ಕೊಂಡಿದ್ದ. ಓನರ್ ಬಾಗಿಲಿಗೆ ಪಾರ್ಟಿ ಬಂದು ಕೂತ.

ನಿವೃತ್ತ ಕರಿಕೋಟು · ಸಂಜೆ 7:00

ಗೌಡ್ರು ಸರಿಯಾದ ಜಾಗ ಮುಟ್ಟಿದರು. ನೋಟಿಸ್ ಏಜೆಂಟ್‌ಗೆ ತಿಳಿದ ಹೊತ್ತಿಂದ ಅವನ ಮಟ್ಟಿಗೆ ಲೆಕ್ಕ. ಆದರೆ ಹೊರಗಿನವರ ಮಟ್ಟಿಗೆ, ಅವರಿಗೆ ತಿಳಿದಾಗಲೇ ಲೆಕ್ಕ. ಅದು 208. ಬೋರ್ಡ್ ತೂಗುತ್ತಿದ್ದರೆ, ಪೋರ್ಟಲಲ್ಲಿ ಜಾಹೀರಾತು ಇದ್ದರೆ ಪಾಪ ಕೊಳ್ಳುವವರಿಗೆ ಹೇಗೆ ಗೊತ್ತಾಗಬೇಕು? ಜುಲೈ 19ರ ರಾತ್ರಿ ಬೋರ್ಡ್ ಇಳಿಯಬೇಕು. ಟೋಕನ್ ಅಧಿಕಾರ ಇದ್ದರೆ, ಪಟ್ಟಿಯಲ್ಲಿರುವ ನಾಲ್ಕು ಜನಕ್ಕೂ ಅವತ್ತು ಒಂದು ಮೆಸೇಜ್ ಹಾಕಿ.

ಮೂಲೆಮನೆ ಮಗಳು · ರಾತ್ರಿ 8:10

ನೋಡಿದೆ. ಟೋಕನ್ ಅಧಿಕಾರ ಇಲ್ಲ, "ಪಾರ್ಟಿ ತೋರಿಸಿ ಮಾತುಕತೆ ಮಾಡುವುದು" ಅಂತ ಮಾತ್ರ ಇದೆ. ಉಸಿರು ಬಂತು.

ಮೂಲೆಮನೆ ಮಗಳು · ಜೂನ್ 17, ರಾತ್ರಿ 9:15

ಎಲ್ಲರಿಗೂ ಅಪ್‌ಡೇಟ್. ನೋಟಿಸ್ ಸೋಮವಾರ 15ಕ್ಕೆ ತಲುಪಿದೆ, ಸಹಿ ಇದೆ. ಇವತ್ತು ಬೆಳಿಗ್ಗೆ ಏಜೆಂಟ್ ಮನೆಗೇ ಬಂದರಂತೆ. ಮೊದಲು ಜೋರು ಮಾಡಿದರಂತೆ. ಅಮ್ಮ ಕಾಫಿ ಕೊಟ್ಟು "ಕ್ಯಾನ್ಸಲ್ ಮಾಡಿಲ್ಲಪ್ಪ, ಮುಗಿದ ಮೇಲೆ ಬೇಡ ಅಂದಿದ್ದೀನಿ ಅಷ್ಟೇ, ನಿನ್ನ ಕಾಗದದಲ್ಲೇ ಹಾಗಿದೆ" ಅಂದರಂತೆ. ಅಮ್ಮನ ಬಾಯಲ್ಲಿ ಕಲಂ 2!

ಪಟ್ಟಿ ಕೊಟ್ಟಿದ್ದಾರೆ, ಆದರೆ ಏಳು ಹೆಸರಿದೆ. ಮೂರು ಜನರನ್ನು ಅಮ್ಮ ನೋಡೇ ಇಲ್ಲ, ಅವರ ಮುಂದೆ ದಿನಾಂಕವೂ ಇಲ್ಲ. ಮೇಷ್ಟ್ರ ಹೆಂಡತಿ ಹೆಸರು ಇದೆ, ಮಾರ್ಚ್ 14.

ನಾನು ಫೋನಲ್ಲಿ ಸೀದಾ ಹೇಳಿದೆ, ಮೇಷ್ಟ್ರೇ ತಗೊಳ್ಳುತ್ತಿರುವುದು, ಮುಚ್ಚಿಡಲ್ಲ, ಆದರೆ ಮಾತು ಕುದುರಿಸಿದ್ದು ನಾವು, ಒಂದು ಪರ್ಸೆಂಟ್ ಕೊಡುತ್ತೇವೆ ಅಂದೆ. 92 ಸಾವಿರ. ಅವರು ಒಂದೂವರೆಗೆ ಬಂದಿದ್ದಾರೆ, ಅಂದರೆ 1,38,000. ಜಿಎಸ್‌ಟಿ ನಂಬರ್ ಕೇಳಿದ್ದಕ್ಕೆ ಮಾತು ಬದಲಾಯಿಸಿದರು. 40 ಸಾವಿರದ ಸುದ್ದಿ ಎತ್ತಲೇ ಇಲ್ಲ.

ನಿವೃತ್ತ ಕರಿಕೋಟು · ರಾತ್ರಿ 9:40

ಆ ಮೂರು ಹೆಸರಿಗೆ ಇವತ್ತೇ ಆಕ್ಷೇಪಣೆ ಬರೆದು ಕಳಿಸಿ, ಸುಮ್ಮನಿದ್ದರೆ ಒಪ್ಪಿದಂತೆ ಅನ್ನುತ್ತಾರೆ. ಮೊತ್ತ ಎಷ್ಟಕ್ಕೇ ಕುದುರಲಿ, ಕೊಡುವುದು ಕ್ರಯಪತ್ರ ನೋಂದಣಿ ಆದ ದಿನ, ಬ್ಯಾಂಕ್ ಮೂಲಕ. "ಈ ಒಪ್ಪಂದದಡಿ ಇನ್ನು ಏನೂ ಬಾಕಿ ಇಲ್ಲ" ಅಂತ ಅವರ ಸಹಿ ಇರುವ ಒಂದು ಸಾಲು ಕೈಗೆ ಬಂದ ಮೇಲೆ.

ಸೈಟ್ ಸೀನ · ರಾತ್ರಿ 9:58

ಒಂದೂಕಾಲಕ್ಕೆ ನಿಲ್ತಾನೆ ನೋಡಿ. 1,15,000.

ಬೋಗಾದಿ ಬೈರ · ರಾತ್ರಿ 10:02

ನಾನಾಗಿದ್ದರೆ ಗಂಡನ ಹೆಸರಿಗೇ ಮಾಡಿಸ್ತಿದ್ದೆ. ನನಗಿನ್ನೂ ಒಪ್ಪಿಗೆ ಇಲ್ಲ.

ಮಂಡ್ಯದ ಗೌಡ್ರು · ರಾತ್ರಿ 10:15

ಕೀ ಕೊಟ್ನಾ? ಬೋರ್ಡು?

ಮೂಲೆಮನೆ ಮಗಳು · ರಾತ್ರಿ 10:20

ಕೀ ಇವತ್ತೇ ಕೊಟ್ಟರು. ಬೋರ್ಡ್ ಹಾಗೇ ಇದೆ ಗೌಡ್ರೇ, ಬಿಚ್ಚೋಕೆ ಸಾಮಾನು ತಂದಿಲ್ಲ ಅಂತ ಹೋದರಂತೆ.

ಮಂಡ್ಯದ ಗೌಡ್ರು · ರಾತ್ರಿ 10:23

ಗೇಟಿಗೆ ತಂತಿ ಸುತ್ತಿದ್ರೆ ಕಟಿಂಗ್ ಪ್ಲೇಯರ್ ಸಾಕು. 19ನೇ ತಾರೀಕು ರಾತ್ರಿ ಫೋಟೊ ತೆಗೆದು ಬಿಚ್ಚು, ಮುರೀಬೇಡ, ಒಳಗಿಡು. ಬೋರ್ಡ್ ಹಾಳಾಯ್ತು ಅಂತ ಅದಕ್ಕೊಂದು ಬಿಲ್ ತರ್ತಾನೆ.